‘ಸೋತರೂ ದುಡ್ಡು ವಾಪಸ್’ ಎನ್ನುವ ಜಾಹೀರಾತಿನ ಲೆಕ್ಕ

‘ನಿಮ್ಮ ಮೊದಲ ಬೆಟ್ ಸಂಪೂರ್ಣ ರಿಸ್ಕ್ ಫ್ರೀ. ಸೋತರೆ 1,000 ರೂಪಾಯಿ ವಾಪಸ್!’ ಐಪಿಎಲ್ ಶುರುವಾಯಿತೆಂದರೆ ಇಂಥ ಸಾಲುಗಳು ಫೋನಿನೊಳಗೆ ಎಲ್ಲೆಲ್ಲಿಂದಲೋ ಬಂದು ಬೀಳುತ್ತವೆ. ರೀಲ್ಸ್ ನೋಡುವಾಗ ನಡುವೆ ನುಸುಳುತ್ತವೆ, ಸ್ಕೋರ್ ನೋಡಲು ತೆರೆದ ಪುಟದ ಅಂಚಿನಲ್ಲಿ ಮಿನುಗುತ್ತವೆ, ಯಾರೋ ನಮ್ಮನ್ನು ಕೇಳದೆ ಸೇರಿಸಿದ ಟೆಲಿಗ್ರಾಂ ಗುಂಪಿನಲ್ಲಿ ದಿನಕ್ಕೆ ಹತ್ತು ಸಲ ಕಾಣುತ್ತವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ಜಾಹೀರಾತನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರಲ್ಲೇ ಅಂಗೀಕರಿಸಿದೆ. ಆದರೂ ವಿದೇಶದಲ್ಲಿ ಕೂತು ನಡೆಸುವ ತಾಣಗಳ ಪ್ರಚಾರ ನಿಂತಿಲ್ಲ. ಆದ್ದರಿಂದ ಈ ಸಾಲಿನ ಒಳಗೆ ಏನಿದೆ ಎಂದು ಒಮ್ಮೆ ಬಿಡಿಸಿ ನೋಡುವುದು ಒಳ್ಳೆಯದು. ಅದಕ್ಕೆ ಬೇಕಾಗಿರುವುದು ಕೂಡುವ ಕಳೆಯುವ ಲೆಕ್ಕ ಮಾತ್ರ.

ನಾಲ್ವರು ಗೆಳೆಯರು ಈ ಕೊಡುಗೆಯನ್ನು ನಂಬಿ ತಲಾ 1,000 ರೂಪಾಯಿ ಕಟ್ಟಿದರು ಎಂದುಕೊಳ್ಳಿ. ಎರಡೂ ತಂಡಗಳು ಸರಿಸಮ ಬಲದವು. ಗೆದ್ದವರಿಗೆ ಕಟ್ಟಿದ ಹಣದ 1.90 ಪಟ್ಟು, ಅಂದರೆ ಅಸಲು 1,000 ಮತ್ತು ಲಾಭ 900 ಸಿಗುತ್ತದೆ. ಇಬ್ಬರು ಒಂದು ತಂಡದ ಮೇಲೆ, ಇನ್ನಿಬ್ಬರು ಎದುರು ತಂಡದ ಮೇಲೆ ಕಟ್ಟಿದರು. ಪಂದ್ಯ ಮುಗಿದಾಗ ಇಬ್ಬರು ತಲಾ 900 ರೂಪಾಯಿ ಗೆದ್ದರು. ಅವರ ಪಾಲಿಗೆ ಕೊಡುಗೆ ಅಲ್ಲಿಗೆ ಮುಗಿಯಿತು, ಏಕೆಂದರೆ ಅದು ಸೋತವರಿಗೆ ಮಾತ್ರ.

ಸೋತ ಇಬ್ಬರಿಗೆ ‘ವಾಪಸ್’ ಬಂದದ್ದೇನು? ಖಾತೆ ತೆರೆದು ನೋಡಿದರೆ 1,000 ಎಂಬ ಅಂಕಿ ಕಾಣುತ್ತದೆ. ಆದರೆ ಅದನ್ನು ಬ್ಯಾಂಕಿಗೆ ಹಾಕಿಕೊಳ್ಳಲು ಆಗುವುದಿಲ್ಲ. ಅದು ನಗದಲ್ಲ, ‘ಬೋನಸ್ ಬೆಟ್’. ಕೊಂಡ ಸೀರೆಯನ್ನು ಹಿಂದಿರುಗಿಸಿದಾಗ ದುಡ್ಡು ಕೊಡದೆ, ‘ಇದೇ ಅಂಗಡಿಯಲ್ಲಿ ಬೇರೇನಾದರೂ ತಗೊಳ್ಳಿ’ ಎಂದು ಕೊಡುವ ಕೂಪನ್ನಿನ ಹಾಗೆ. ಈ ಕೂಪನ್ನಿಗೆ ಇನ್ನೊಂದು ಷರತ್ತೂ ಇದೆ. ಅದರಿಂದ ಕಟ್ಟಿ ಗೆದ್ದರೆ ಲಾಭದ 900 ಮಾತ್ರ ಕೈಗೆ ಬರುತ್ತದೆ, ಕೂಪನ್ನಿನ 1,000 ಬರುವುದಿಲ್ಲ. ಇಂಗ್ಲಿಷಿನ ಷರತ್ತುಗಳ ಪಟ್ಟಿಯಲ್ಲಿ stake not returned ಎಂಬ ಮೂರು ಪದಗಳಲ್ಲಿ ಇದು ಅಡಗಿರುತ್ತದೆ.

ಆ ಇಬ್ಬರು ಎರಡನೆಯ ಪಂದ್ಯದಲ್ಲಿ ಎದುರುಬದುರು ತಂಡಗಳ ಮೇಲೆ ಕೂಪನ್ ಹಾಕಿದರು. ಒಬ್ಬ ಗೆದ್ದು 900 ಪಡೆದ. ಆದರೆ ಅವನು ಮೊದಲು ಕಟ್ಟಿದ್ದು 1,000, ಹಾಗಾಗಿ ಗೆದ್ದರೂ 100 ರೂಪಾಯಿ ನಷ್ಟ. ಇನ್ನೊಬ್ಬನ ಕೂಪನ್ನೂ ಹೋಯಿತು, ಸಾವಿರವೂ ಹೋಯಿತು. ‘ಸಂಪೂರ್ಣ ರಿಸ್ಕ್ ಫ್ರೀ’ ಎಂದು ಆಡಿದ ನಾಲ್ವರಲ್ಲಿ ಇಬ್ಬರಿಗೆ ನಷ್ಟ, ಅವರಲ್ಲಿ ಒಬ್ಬನಿಗೆ ಪೂರ್ತಿ ನಷ್ಟ.

ಇಲ್ಲಿ ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ನಾಲ್ವರ ಲೆಕ್ಕವನ್ನು ಒಟ್ಟಿಗೆ ಕೂಡಿದರೆ ಅವರಿಗೇ 700 ರೂಪಾಯಿ ಲಾಭ. ಈ ಒಂದು ಕೊಡುಗೆಯಲ್ಲಿ ಕಂಪನಿ ನಿಜಕ್ಕೂ ಕೈಯಿಂದ ಕಳೆದುಕೊಂಡಿದೆ. ಕೊಡುಗೆ ಇಲ್ಲದಿದ್ದರೆ ನಾಲ್ವರಿಂದ 4,000 ತೆಗೆದುಕೊಂಡು 3,800 ಹಂಚಿ 200 ರೂಪಾಯಿ ಉಳಿಸಿಕೊಳ್ಳುತ್ತಿತ್ತು. ಗೊತ್ತಿದ್ದೂ ಏಕೆ ಕಳೆದುಕೊಳ್ಳುತ್ತದೆ? ಗ್ರಾಹಕರನ್ನು ಗಳಿಸುವ ಖರ್ಚು ಅದು. ಗೆದ್ದ ಇಬ್ಬರು 900 ರೂಪಾಯಿ ತೆಗೆದುಕೊಂಡು ಆ್ಯಪ್ ಅಳಿಸಿಹಾಕುವುದಿಲ್ಲ, ಸೋತ ಇಬ್ಬರು ಸುಮ್ಮನಾಗುವುದಿಲ್ಲ ಎಂಬುದು ಅದಕ್ಕೆ ಗೊತ್ತು. ಮೂರನೆಯ ಪಂದ್ಯದಿಂದ ಕೊಡುಗೆ ಇರುವುದಿಲ್ಲ. ಕಟ್ಟಿದ ಪ್ರತಿ 100 ರೂಪಾಯಿಯಲ್ಲಿ ಸರಾಸರಿ 5 ರೂಪಾಯಿ ಕಂಪನಿಗೆ ಸೇರುವ ಮಾಮೂಲಿ ವ್ಯವಹಾರ ಶುರುವಾಗುತ್ತದೆ. ಈ ಐದು ರೂಪಾಯಿಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜೂಜಿಗೆ ಕಾನೂನಿನ ಒಪ್ಪಿಗೆ ಇರುವ ಕಡೆಗಳಲ್ಲೂ ಈ ‘ರಿಸ್ಕ್ ಫ್ರೀ’ ಮಾತು ಬಾಳಲಿಲ್ಲ. ಅಮೆರಿಕದ ಒಹಾಯೊ ರಾಜ್ಯದಲ್ಲಿ ಕ್ರೀಡಾ ಬೆಟ್ಟಿಂಗ್ ಕಾನೂನುಬದ್ಧವಾದದ್ದು 2023ರ ಜನವರಿ 1ರಂದು. ಗ್ರಾಹಕ ತನ್ನ ಸ್ವಂತ ಹಣವನ್ನು ಕಳೆದುಕೊಳ್ಳುವ ಸಾಧ್ಯತೆ ಇದ್ದರೆ ಆ ಕೊಡುಗೆಯನ್ನು ‘ಉಚಿತ’ ಅಥವಾ ‘ರಿಸ್ಕ್ ಫ್ರೀ’ ಎಂದು ಕರೆಯುವಂತಿಲ್ಲ ಎಂಬ ನಿಯಮ ಅಲ್ಲಿ ಮೊದಲೇ ಇತ್ತು. ಆದರೂ ಕಂಪನಿಗಳು ಅದೇ ಮಾತನ್ನು ಬಳಸಿದವು. ಬೆಟ್ಟಿಂಗ್ ಶುರುವಾದ ತಿಂಗಳಲ್ಲೇ ಅಲ್ಲಿನ ಕ್ಯಾಸಿನೊ ನಿಯಂತ್ರಣ ಆಯೋಗವು ಡ್ರಾಫ್ಟ್‌ಕಿಂಗ್ಸ್, ಸೀಸರ್ಸ್ ಮತ್ತು ಬೆಟ್‌ಎಂಜಿಎಂ ಕಂಪನಿಗಳಿಗೆ ತಲಾ 1,50,000 ಡಾಲರ್ ದಂಡದ ನೋಟಿಸ್ ಕೊಟ್ಟಿತು. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಜೂಜು ಉದ್ಯಮದ ಒಕ್ಕೂಟವೇ ತನ್ನ ಜಾಹೀರಾತು ಸಂಹಿತೆಯನ್ನು ತಿದ್ದಿ, ಸದಸ್ಯರು ‘ರಿಸ್ಕ್ ಫ್ರೀ’ ಎಂದು ಬರೆಯಬಾರದು ಎಂದಿತು.

ಆಮೇಲೆ ಆದದ್ದನ್ನು ಗಮನಿಸಬೇಕು. ‘ನೋ ಸ್ವೆಟ್’, ‘ಸೆಕೆಂಡ್ ಚಾನ್ಸ್’ ಎಂಬ ಹೊಸ ಹೆಸರುಗಳು ಬಂದವು. ಸೋತರೆ ನಗದಿನ ಬದಲು ಬೋನಸ್ ಬೆಟ್ ಕೊಡುವ ಪದ್ಧತಿ ಹಾಗೆಯೇ ಉಳಿಯಿತು. ಆದ್ದರಿಂದ ಜಾಹೀರಾತಿನ ಹೆಸರಿನ ಹಿಂದೆ ಬಿದ್ದು ಪ್ರಯೋಜನವಿಲ್ಲ. ಕೇಳಬೇಕಾದ್ದು ಒಂದೇ: ಸೋತಾಗ ವಾಪಸ್ ಬರುವುದು ಇವತ್ತೇ ನನ್ನ ಬ್ಯಾಂಕ್ ಖಾತೆಗೆ ಹೋಗಬಲ್ಲ ಹಣವೇ, ಅಥವಾ ಅಲ್ಲೇ ಮತ್ತೆ ಆಡಬೇಕಾದ ಅಂಕಿಯೇ?

ಎರಡನೆಯ ಆಮಿಷ ಇದಕ್ಕಿಂತ ದೊಡ್ಡದು. ‘ಗ್ಯಾರಂಟಿ ಬೋನಸ್: 10,000 ಹಾಕಿ, ಇನ್ನೊಂದು 10,000 ಪಡೆಯಿರಿ.’ ಹಣ ಹಾಕಿದ ತಕ್ಷಣ ಪರದೆಯ ಮೇಲೆ 20,000 ಕಾಣುವುದು ನಿಜ. ಆ ಬೋನಸ್ಸನ್ನು ಹೊರಗೆ ತೆಗೆಯಲು ಹೋದಾಗಲೇ ‘ವೇಜರಿಂಗ್ ಪೂರ್ಣವಾಗಿಲ್ಲ’ ಎಂಬ ಉತ್ತರ ಬರುತ್ತದೆ. ಬೋನಸ್ ನಿಮ್ಮದಾಗಬೇಕಾದರೆ ನೀವು ಒಟ್ಟು ಎಷ್ಟು ರೂಪಾಯಿಯ ಬೆಟ್ ಕಟ್ಟಿರಬೇಕು ಎಂಬ ಷರತ್ತು ಇದು. ಬೋನಸ್ಸಿನ 20 ಪಟ್ಟು ಎಂದಿದ್ದರೆ, ನೀವು ಎರಡು ಲಕ್ಷ ರೂಪಾಯಿಯ ಬೆಟ್ ಕಟ್ಟಬೇಕು. ಒಂದೇ ಸಲಕ್ಕಲ್ಲ, ಗೆದ್ದದ್ದನ್ನು ಮತ್ತೆ ಮತ್ತೆ ಕಟ್ಟುತ್ತಾ ಒಟ್ಟು ಮೊತ್ತ ಅಷ್ಟಾಗಬೇಕು.

ಈಗ ಆ ಐದು ರೂಪಾಯಿಯನ್ನು ತನ್ನಿ. ಕಟ್ಟಿದ ಪ್ರತಿ 100 ರೂಪಾಯಿಗೆ ಸರಾಸರಿ 5 ರೂಪಾಯಿ ಸವೆಯುವುದಾದರೆ, ಎರಡು ಲಕ್ಷ ಕಟ್ಟುವಷ್ಟರಲ್ಲಿ ಸವೆಯುವುದು 10,000. ಬೋನಸ್ ಎಷ್ಟಿತ್ತೋ ಅಷ್ಟೂ ಹೋಯಿತು. ಷರತ್ತಿನಲ್ಲಿ ‘ಬೋನಸ್ಸಿನ 20 ಪಟ್ಟು’ ಎನ್ನುವ ಬದಲು ‘ಠೇವಣಿ ಮತ್ತು ಬೋನಸ್ಸಿನ 20 ಪಟ್ಟು’ ಎಂದಿದ್ದರೆ ಕಟ್ಟಬೇಕಾದ್ದು ನಾಲ್ಕು ಲಕ್ಷ, ಸರಾಸರಿ ಸವೆತ 20,000. ಆಗ ಬೋನಸ್ಸಿನ ಜೊತೆಗೆ ನೀವು ಹಾಕಿದ ಹಣವೂ ಹೋಗುತ್ತದೆ. ಒಂದು ಪದ ಹೆಚ್ಚಾದದ್ದಕ್ಕೆ ಇಷ್ಟು ವ್ಯತ್ಯಾಸ. ಇದು ಸರಾಸರಿಯ ಮಾತು, ಕೆಲವರು ಗೆದ್ದು ಹೊರಬರುತ್ತಾರೆ. ಹೆಚ್ಚಿನವರು ಅಷ್ಟು ದೂರ ಹೋಗುವ ಮೊದಲೇ, ಸೋಲಿನ ಸರಣಿಯೊಂದರಲ್ಲಿ ಖಾತೆ ಬರಿದು ಮಾಡಿಕೊಂಡಿರುತ್ತಾರೆ.

ಇದಕ್ಕೆ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಮೊಕದ್ದಮೆ ಒಳ್ಳೆಯ ಉದಾಹರಣೆ. ಹೊಸ ಗ್ರಾಹಕರಿಗೆ 1,000 ಡಾಲರ್ ಬೋನಸ್ ಎಂದು ಡ್ರಾಫ್ಟ್‌ಕಿಂಗ್ಸ್ ಕಂಪನಿ ಅಲ್ಲಿ ಜಾಹೀರಾತು ಮಾಡಿತ್ತು. ಅದು ಜನರನ್ನು ದಾರಿ ತಪ್ಪಿಸುವಂಥದ್ದು ಎಂದು ಬಾಸ್ಟನ್ನಿನ ಒಂದು ಸಾರ್ವಜನಿಕ ಆರೋಗ್ಯ ಸಂಸ್ಥೆಯ ವಕೀಲರು 2023ರ ಡಿಸೆಂಬರ್‌ನಲ್ಲಿ ಗ್ರಾಹಕರ ಪರವಾಗಿ ದಾವೆ ಹೂಡಿದರು. ದಾವೆಯ ಪ್ರಕಾರ, ಸಣ್ಣ ಅಕ್ಷರಗಳಲ್ಲಿದ್ದ ಷರತ್ತುಗಳು ಹೀಗಿದ್ದವು: ಪೂರ್ತಿ ಬೋನಸ್ ಬೇಕಾದರೆ ಮೊದಲು 5,000 ಡಾಲರ್ ಠೇವಣಿ ಇಡಬೇಕು, 90 ದಿನಗಳೊಳಗೆ ಒಟ್ಟು 25,000 ಡಾಲರ್‌ನ ಬೆಟ್ ಕಟ್ಟಬೇಕು. ಅಂದರೆ ದಿನಕ್ಕೆ ಸುಮಾರು 277 ಡಾಲರ್‌ನಂತೆ ಮೂರು ತಿಂಗಳು ಎಡೆಬಿಡದೆ. ಗೆಲ್ಲುವುದು ಬಹುತೇಕ ಖಚಿತವಾದ ಬೆಟ್‌ಗಳನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ. ಬಂದ ಬೋನಸ್ಸೂ ನಗದಲ್ಲ, ಮತ್ತೆ ಆಡಲು ಮಾತ್ರ ಬಳಸಬಹುದಾದದ್ದು. ನಮ್ಮ ಐದು ರೂಪಾಯಿಯ ಅಳತೆಯನ್ನೇ ಇಟ್ಟರೆ 25,000 ಡಾಲರ್ ಕಟ್ಟುವಾಗ ಸರಾಸರಿ ಸವೆಯುವುದು 1,250 ಡಾಲರ್. ಸಿಗುವುದು 1,000. ದಾವೆಯನ್ನು ಆರಂಭದಲ್ಲೇ ವಜಾ ಮಾಡಬೇಕೆಂದು ಕಂಪನಿ ಕೇಳಿಕೊಂಡಾಗ, 2024ರಲ್ಲಿ ನ್ಯಾಯಾಲಯ ಅದಕ್ಕೆ ಒಪ್ಪಲಿಲ್ಲ. ಷರತ್ತುಗಳನ್ನು ಎಲ್ಲೋ ಒಂದು ಕಡೆ ಬರೆದಿದ್ದೇವೆ ಎಂದ ಮಾತ್ರಕ್ಕೆ ಮೊಕದ್ದಮೆ ಮುಗಿಯುವುದಿಲ್ಲ ಎಂಬುದು ಇದರಿಂದ ಸ್ಪಷ್ಟವಾಯಿತು.

ಬ್ರಿಟನ್ ಇದೇ ರೋಗಕ್ಕೆ ಬೇರೆ ಮದ್ದು ಹುಡುಕಿತು. ಅಲ್ಲಿನ ಗ್ಯಾಂಬ್ಲಿಂಗ್ ಕಮಿಷನ್ 2026ರ ಜನವರಿ 19ರಿಂದ ಬೋನಸ್ಸಿನ ಮೇಲಿನ ಈ ಷರತ್ತನ್ನು 10 ಪಟ್ಟಿಗೆ ಮಿತಿಗೊಳಿಸಿದೆ. 10 ಪೌಂಡ್ ಬೋನಸ್ ಕೊಟ್ಟರೆ ಗ್ರಾಹಕನಿಂದ 100 ಪೌಂಡ್‌ಗಿಂತ ಹೆಚ್ಚಿನ ಆಟ ಆಡಿಸುವಂತಿಲ್ಲ. ಮೊದಲು 50 ಪಟ್ಟಿನ ಷರತ್ತುಗಳೂ ಇರುತ್ತಿದ್ದವು. ಜಾಹೀರಾತಿನ ಅಕ್ಷರ ಎಷ್ಟು ದೊಡ್ಡದಿರಬೇಕು ಎಂದು ಹೇಳುವುದಕ್ಕಿಂತ ಕೊಡುಗೆಯ ಒಳಗಿನ ಲೆಕ್ಕಕ್ಕೇ ಕಡಿವಾಣ ಹಾಕುವ ಈ ದಾರಿ ಹೆಚ್ಚು ಪ್ರಾಮಾಣಿಕವಾದದ್ದು ಎಂದು ನನಗೆ ಅನ್ನಿಸುತ್ತದೆ. ಷರತ್ತನ್ನು ಎಷ್ಟೇ ದೊಡ್ಡದಾಗಿ ಬರೆದರೂ, ‘20 ಪಟ್ಟು’ ಎಂಬುದನ್ನು ನೋಡಿ 10,000 ರೂಪಾಯಿ ಸವೆತ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕುವವರು ಎಷ್ಟು ಜನ?

ನಮ್ಮ ದೇಶದ ದಾರಿ ಬೇರೆ. ಮೊದಲು ಎಚ್ಚರಿಕೆಯ ನಿಯಮಗಳು ಬಂದವು, ಆಮೇಲೆ ನಿಷೇಧ ಬಂತು. ಜಾಹೀರಾತು ಉದ್ಯಮದ ಸ್ವನಿಯಂತ್ರಣ ಸಂಸ್ಥೆ ಎಎಸ್‌ಸಿಐ, 2020ರ ಡಿಸೆಂಬರ್ 15ರಿಂದ ಹಣದ ಆಟಗಳ ಜಾಹೀರಾತಿಗೆ ಮಾರ್ಗಸೂಚಿ ಜಾರಿ ಮಾಡಿತು. 18 ವರ್ಷ ತುಂಬದವರು ಹಣದ ಆಟ ಆಡುವಂತೆ ತೋರಿಸಬಾರದು, ಆಟವನ್ನು ಸಂಪಾದನೆಯ ಮಾರ್ಗ ಅಥವಾ ಉದ್ಯೋಗಕ್ಕೆ ಬದಲಿ ಎಂಬಂತೆ ಬಿಂಬಿಸಬಾರದು, ಆಡುವವರು ಉಳಿದವರಿಗಿಂತ ಯಶಸ್ವಿಗಳು ಎಂಬ ಭಾವನೆ ಹುಟ್ಟಿಸಬಾರದು ಎಂದಿತು. ಆರ್ಥಿಕ ನಷ್ಟದ ಅಪಾಯವಿದೆ, ಚಟವಾಗಬಹುದು ಎಂಬ ಎಚ್ಚರಿಕೆಗೆ ಮುದ್ರಿತ ಜಾಹೀರಾತಿನ ಕನಿಷ್ಠ ಶೇ 20ರಷ್ಟು ಜಾಗ ಕೊಡಬೇಕೆಂದಿತು. ಟಿವಿ ಜಾಹೀರಾತುಗಳ ಕೊನೆಯಲ್ಲಿ ಎಷ್ಟೋ ವರ್ಷ ಕೇಳಿಬರುತ್ತಿದ್ದ ಎಚ್ಚರಿಕೆಯ ಮೂಲ ಇದೇ.

2022ರ ಜೂನ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ಎಲ್ಲ ಬಗೆಯ ಜಾಹೀರಾತುಗಳಿಗೆ ಅನ್ವಯಿಸುವ ಮಾರ್ಗಸೂಚಿ ತಂದಿತು. ಅದರ ಎರಡು ಅಂಶಗಳು ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತವೆ. ಗ್ರಾಹಕ ಬೇರೆ ರೂಪದಲ್ಲಿ ಹಣ ತೆರಬೇಕಾಗಿದ್ದರೆ ಒಂದು ವಸ್ತುವನ್ನು ಉಚಿತ ಎನ್ನುವಂತಿಲ್ಲ. ದೊಡ್ಡ ಮಾತನ್ನು ಯಾವ ಭಾಷೆಯಲ್ಲಿ ಹೇಳಿದ್ದೀರೋ ಷರತ್ತನ್ನೂ ಅದೇ ಭಾಷೆಯಲ್ಲಿ ಹೇಳಬೇಕು. ಎರಡನೆಯದು ಕನ್ನಡಿಗರಿಗೆ ಮುಖ್ಯ. ‘ಪಕ್ಕಾ ಗೆಲುವು, ಡಬಲ್ ಬೋನಸ್’ ಎಂದು ಕನ್ನಡದಲ್ಲಿ ಕೂಗಿ, ಷರತ್ತುಗಳನ್ನು ಇಂಗ್ಲಿಷಿನಲ್ಲಿ ಸಣ್ಣದಾಗಿ ಹಾಕಿದ್ದರೆ ಆ ಜಾಹೀರಾತು ಅಲ್ಲಿಗೇ ನಿಯಮ ಮುರಿದಂತೆ. ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಮೊದಲ ತಪ್ಪಿಗೆ 10 ಲಕ್ಷ, ಮರುಕಳಿಸಿದರೆ 50 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಪ್ರಚಾರಕ್ಕೆ ಮುಖ ತೋರಿಸಿದ ನಟ, ಆಟಗಾರರೂ ಇದಕ್ಕೆ ಹೊರತಲ್ಲ.

ಕೊನೆಗೆ ‘ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆ’ಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಹಣ ಕಟ್ಟಿ ಹಣ ಗೆಲ್ಲುವ ನಿರೀಕ್ಷೆಯಿಂದ ಆಡುವ ಆನ್‌ಲೈನ್ ಆಟ, ಅದು ಕೌಶಲದ್ದಾಗಿರಲಿ ಅದೃಷ್ಟದ್ದಾಗಿರಲಿ, ಈ ಕಾಯ್ದೆಯ ಪ್ರಕಾರ ನಿಷಿದ್ಧ. ಕೌಶಲ ಹೌದೋ ಅಲ್ಲವೋ ಎಂಬ ಹಳೆಯ ವಾದಕ್ಕೆ ಅಲ್ಲಿ ಜಾಗವಿಲ್ಲ. ಅಂಥ ಆಟದ ಜಾಹೀರಾತು ಮಾಡಿದವರಿಗೆ, ಮಾಡಿಸಿದವರಿಗೆ, ನೆರವಾದವರಿಗೆ ಎರಡು ವರ್ಷದವರೆಗೆ ಜೈಲು ಅಥವಾ 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಆಟ ಒದಗಿಸುವವರಿಗೆ ಶಿಕ್ಷೆ ಇನ್ನೂ ಹೆಚ್ಚು: ಮೂರು ವರ್ಷ, ಒಂದು ಕೋಟಿ. ಆಡಿದವರನ್ನು ಈ ಕಾಯ್ದೆ ಅಪರಾಧಿಯೆಂದು ನೋಡುವುದಿಲ್ಲ. ಇದನ್ನು ಗೇಮಿಂಗ್ ಕಂಪನಿಗಳು ನ್ಯಾಯಾಲಯದಲ್ಲಿ ಪ್ರಶ್ನಿಸಿದವು. ಮೊದಲು ಹೋದ ಕಡೆಗಳಲ್ಲಿ ಕರ್ನಾಟಕ ಹೈಕೋರ್ಟ್ ಒಂದು. ಬಳಿಕ ಆ ಅರ್ಜಿಗಳನ್ನೆಲ್ಲ ಸುಪ್ರೀಂ ಕೋರ್ಟ್ ತನ್ನ ಬಳಿಗೆ ವರ್ಗಾಯಿಸಿಕೊಂಡಿತು.

‘ಗೂಗಲ್‌ನಲ್ಲೇ ಬಂತು, ದೊಡ್ಡ ನಟರೇ ಹೇಳಿದರು, ಹಾಗಾದರೆ ಕಾನೂನುಬದ್ಧವೇ ಇರಬೇಕು’ ಎಂಬ ನಂಬಿಕೆಯನ್ನು ಬಿಡಲೇಬೇಕು. ವಿದೇಶಿ ತಾಣಗಳು ಕ್ರೀಡಾಸುದ್ದಿಯ ವೇಷ ಹಾಕಿ ಬರುತ್ತವೆ. ಜರ್ಸಿಯ ಮೇಲೆ, ಗಡಿರೇಖೆಯ ಬೋರ್ಡಿನ ಮೇಲೆ ಕಾಣುವ ‘ಸ್ಪೋರ್ಟ್ಸ್ ನ್ಯೂಸ್’ ಪುಟದ ಹೆಸರು, ಬಣ್ಣ, ಲಾಂಛನ ಬೆಟ್ಟಿಂಗ್ ತಾಣದ್ದನ್ನೇ ಹೋಲುತ್ತವೆ. ಪ್ರಸಾರ ಸಚಿವಾಲಯ ಇದನ್ನು ಬದಲಿ ಜಾಹೀರಾತು ಎಂದು ಗುರುತಿಸಿ 2022ರ ಅಕ್ಟೋಬರ್‌ನಲ್ಲೇ ಟಿವಿ ವಾಹಿನಿಗಳಿಗೆ, ಡಿಜಿಟಲ್ ಸುದ್ದಿತಾಣಗಳಿಗೆ ಎಚ್ಚರಿಕೆ ಕೊಟ್ಟಿತ್ತು.

ಮೇಲೆ ಮಾಡಿದ ಲೆಕ್ಕಗಳೆಲ್ಲ ಕಂಪನಿ ತನ್ನ ಷರತ್ತಿಗೆ ತಾನಾದರೂ ಬದ್ಧವಾಗಿರುತ್ತದೆ ಎಂಬ ನಂಬಿಕೆಯ ಮೇಲೆ ನಿಂತಿವೆ. ಒಹಾಯೊದಲ್ಲೋ ಲಂಡನ್ನಿನಲ್ಲೋ ಅದನ್ನು ನೋಡಿಕೊಳ್ಳುವ ಆಯೋಗವಿದೆ. ವಾಟ್ಸ್‌ಆ್ಯಪ್‌ನಲ್ಲಿ ‘ಐಡಿ ಕೊಡ್ತೀವಿ ಬ್ರೋ’ ಎನ್ನುವವನ ಮೇಲೆ ಯಾವ ಆಯೋಗವೂ ಇಲ್ಲ. ಅವನ ವಂಚನೆ ಹೆಚ್ಚಾಗಿ ಬಯಲಾಗುವುದು ಗೆದ್ದ ಹಣ ಕೇಳಿದಾಗ. ಖಾತೆಯಲ್ಲಿ 60,000 ಕಾಣುತ್ತಿರುತ್ತದೆ, ತೆಗೆಯಲು ಹೋದರೆ ‘ಮೊದಲು 18,000 ತೆರಿಗೆ ಕಟ್ಟಿ’ ಎನ್ನುತ್ತಾನೆ. ಕಟ್ಟಿದರೆ ‘ಅನ್‌ಲಾಕ್ ಫೀ’ ಎಂದು ಇನ್ನೊಂದು ಬರುತ್ತದೆ. ನಮ್ಮ ಆದಾಯ ತೆರಿಗೆಯಲ್ಲಿ ಗೆಲುವಿನ ಮೇಲಿನ ಶೇ 30ರ ತೆರಿಗೆಯನ್ನು ಕೊಡುವ ಹಣದಲ್ಲೇ ಮುರಿದುಕೊಳ್ಳುತ್ತಾರೆ. ಗೆದ್ದವನಿಂದ ಮೊದಲು ದುಡ್ಡು ಹಾಕಿಸಿಕೊಂಡು ಆಮೇಲೆ ಗೆಲುವು ಕೊಡುವ ಪದ್ಧತಿಯೇ ಇಲ್ಲ. ಅಲ್ಲಿ ಕಾಣುತ್ತಿರುವ 60,000 ಹಣವೇ ಅಲ್ಲ, ಪರದೆಯ ಮೇಲಿನ ಚಿತ್ರ.

ಟೆಲಿಗ್ರಾಂನಲ್ಲಿ ‘ಇವತ್ತಿನ ಮ್ಯಾಚ್ ಫಿಕ್ಸ್, ನೂರಕ್ಕೆ ನೂರು ಗ್ಯಾರಂಟಿ’ ಎಂದು ಟಿಪ್ ಮಾರುವವರ ಗುಟ್ಟೂ ಲೆಕ್ಕದ್ದೇ. 800 ಜನರ ನಂಬರ್ ಇಟ್ಟುಕೊಂಡವನು ಅರ್ಧ ಜನಕ್ಕೆ ಒಂದು ತಂಡ, ಉಳಿದರ್ಧಕ್ಕೆ ಇನ್ನೊಂದು ತಂಡ ಗೆಲ್ಲುತ್ತದೆಂದು ಕಳಿಸುತ್ತಾನೆ. 400 ಜನರಿಗೆ ಅದು ನಿಜವಾಗುತ್ತದೆ. ಅವರಿಗೆ ಮತ್ತೆ ಎರಡು ಪಾಲು, 200. ಮತ್ತೊಮ್ಮೆ, 100. ಮೂರು ಪಂದ್ಯಗಳ ಫಲಿತಾಂಶವನ್ನು ಅಚ್ಚುಕಟ್ಟಾಗಿ ಮೊದಲೇ ಹೇಳಿದ ಮಹಾನುಭಾವನಾಗಿ ಅವನು ಆ 100 ಜನರಿಗೆ ಕಾಣುತ್ತಾನೆ. ನಾಲ್ಕನೆಯ ಟಿಪ್ಪಿಗೆ 5,000 ರೂಪಾಯಿ ಕೇಳುವುದು ಅವರನ್ನೇ. ಅವನಿಗೆ ಕ್ರಿಕೆಟ್ ಗೊತ್ತಿರಬೇಕಾದ ಅಗತ್ಯವೂ ಇಲ್ಲ.

ಇಂಥ ಜಾಹೀರಾತು ಕಂಡರೆ ಸುಮ್ಮನೆ ಅಳಿಸಿಹಾಕಬೇಡಿ. ಅದು ಕಾಣಿಸಿದ ಖಾತೆಯ ಹೆಸರು, ಲಿಂಕ್, ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಎಎಸ್‌ಸಿಐಗೆ ಅದರ ವೆಬ್‌ಸೈಟ್ ಮೂಲಕ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 1915ರಲ್ಲಿ ದೂರು ಕೊಡಬಹುದು. ಹಣ ಈಗಾಗಲೇ ಹೋಗಿದ್ದರೆ ಮೊದಲ ಕರೆ 1930ಕ್ಕೆ, ಅಥವಾ cybercrime.gov.in ತಾಣದಲ್ಲಿ ದೂರು. ಯುಪಿಐ ವ್ಯವಹಾರದ ಸಂಖ್ಯೆ ಕೈಯಲ್ಲಿರಲಿ. ಹಣ ಇನ್ನೂ ಆ ಕಡೆಯ ಖಾತೆಯಲ್ಲೇ ಇದ್ದರೆ ಅದನ್ನು ಬ್ಯಾಂಕಿನ ಮೂಲಕ ತಡೆಹಿಡಿಯಲು ಸಾಧ್ಯ, ತಡವಾದಷ್ಟೂ ಅದು ಬೇರೆ ಬೇರೆ ಖಾತೆಗಳಿಗೆ ಹರಿದುಹೋಗುತ್ತದೆ. ಮನೆಯಲ್ಲಿ ಯಾರಾದರೂ ಈಗಾಗಲೇ ಸಾಲ ಮಾಡಿ ಆಡುತ್ತಿದ್ದಾರೆಂದು ತಿಳಿದರೆ, ಬೈಯುವ ಮೊದಲು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ಕರೆಗೆ ಹಣವಿಲ್ಲ.